ಅಜ್ಜಿಯ ಮುಖದ ಸುಕ್ಕು: ಎಷ್ಟು ತೆಗೆಯಬೇಕು, ಎಲ್ಲಿ ಕೈ ತಡೆಯಬೇಕು

ಪ್ರಶ್ನೆ: ಸರ್, ನನ್ನ ಅಜ್ಜಿಗೆ 78 ವರ್ಷ. ಅವರ ಮಗ, ಅಂದರೆ ನನ್ನ ಸೋದರಮಾವ, ವಿದೇಶದಲ್ಲಿದ್ದಾರೆ. ಬಂದು ಹೋಗಿ ಆರು ವರ್ಷವಾಯಿತು. ಮೊನ್ನೆ ಮೊಬೈಲಿನಲ್ಲಿ ಅಜ್ಜಿಯ ಫೋಟೋ ತೆಗೆದೆ. ಅಜ್ಜಿ ಅದನ್ನು ನೋಡಿದವರೇ, "ಸುಕ್ಕನ್ನೆಲ್ಲ ತೆಗೆದು ಆಮೇಲೆ ಮಾವನಿಗೆ ಕಳುಹಿಸು" ಎಂದರು. ಆ್ಯಪ್ ಒಂದರಲ್ಲಿ ಗುಂಡಿ ಒತ್ತಿದೆ, ಮುಖ ಮೇಣದ ಬೊಂಬೆಯಂತಾಯಿತು. ಅಜ್ಜಿಯೇ "ಇದು ಯಾರು?" ಎಂದು ಕೇಳಿದರು. ಲ್ಯಾಪ್‌ಟಾಪ್‌ನಲ್ಲಿ ಫೋಟೋ ತಿದ್ದುವ GIMP ತಂತ್ರಾಂಶ ಇದೆ, ಅಲ್ಪಸ್ವಲ್ಪ ಬರುತ್ತದೆ. ಅಜ್ಜಿ ಅಜ್ಜಿಯಂತೆಯೇ ಕಾಣುವ ಹಾಗೆ ಸುಕ್ಕು ತೆಗೆಯುವುದು ಹೇಗೆ? ಇದು ಮಾವನಿಗೆ ಸುಳ್ಳು ಹೇಳಿದಂತಾಗುವುದಿಲ್ಲವೇ?

ಉತ್ತರ: ಮೊದಲು ಒಂದು ಸಣ್ಣ ವಿಷಯ ಮುಗಿಸಿಬಿಡುತ್ತೇನೆ. ಈ ಫೋಟೋ ವೀಸಾಕ್ಕೋ ಪಾಸ್‌ಪೋರ್ಟಿಗೋ ಹೋಗುವುದಾದರೆ ಒಂದು ಗೆರೆಯನ್ನೂ ಮುಟ್ಟಬೇಡಿ. ಅಲ್ಲಿ ತಿದ್ದಿದ ಫೋಟೋವನ್ನು ತಿರಸ್ಕರಿಸುತ್ತಾರೆ. ಮಾವ ನೋಡಲಿಕ್ಕೆ ಮಾತ್ರ ಎಂದಾದರೆ ಮುಂದೆ ಓದಿ.

GIMP ತೆರೆಯುವ ಮೊದಲು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ತಿದ್ದದ ಫೋಟೋವನ್ನು ಲ್ಯಾಪ್‌ಟಾಪ್ ಪರದೆಯ ತುಂಬ ತೆರೆದು, ಅವರ ಕನ್ನಡಕ ಹಾಕಿಸಿ, "ಎಲ್ಲಿ ಬೇಡ ಅನ್ನಿಸುತ್ತದೆ, ಬೆರಳಿಟ್ಟು ತೋರಿಸಿ" ಎಂದು ಕೇಳಿ. "ಸುಕ್ಕು ತೆಗೆ" ಎಂದು ಹೇಳುವವರೆಲ್ಲ ಸುಕ್ಕನ್ನೇ ಹೇಳುತ್ತಿರುವುದಿಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಖಚಿತವಾಗಿ ಗೊತ್ತಿರುವ ಕೆಲವೇ ಸಂಗತಿಗಳಲ್ಲಿ ಇದೂ ಒಂದು.

ಕೆಲವು ವರ್ಷಗಳ ಹಿಂದೆ ನಿಮ್ಮಂಥದ್ದೇ ಜೋಡಿ ನನ್ನ ಸ್ಟುಡಿಯೊಗೆ ಬಂದಿತ್ತು. ಎಂಬತ್ತರ ಅಂಚಿನ ತಾಯಿ, ಜೊತೆಗೆ ಮೊಮ್ಮಗ. ದೂರದೇಶದ ಮಗನಿಗೆ ಕಳುಹಿಸಬೇಕಾದ ಫೋಟೋ ಹುಡುಗನ ಮೊಬೈಲಿನಲ್ಲಿತ್ತು. ಹುಡುಗ ಹಣೆಯ ಗೆರೆಗಳನ್ನು ತೋರಿಸುತ್ತ, "ಇವೆಲ್ಲ ಹೋಗಬೇಕಂತೆ" ಎಂದ. ನಾನು ಆಕೆಯನ್ನೇ ಕೇಳಿದೆ. ಅವರು ಹಣೆಯ ಕಡೆ ನೋಡಲೂ ಇಲ್ಲ. ಕಣ್ಣಿನ ಕೆಳಗಿನ ಕಪ್ಪಿನ ಮೇಲೆ ಒಂದು ಬೆರಳು, ಬಾಯಿಯ ಎರಡು ಕೊನೆಗಳಿಂದ ಕೆಳಗಿಳಿಯುವ ಗೆರೆಗಳ ಮೇಲೆ ಇನ್ನೊಂದು ಬೆರಳು ಇಟ್ಟರು. "ಅತ್ತು ಎದ್ದು ಬಂದವಳ ಹಾಗೆ ಕಾಣುತ್ತೇನೆ. ಅವನು ಹಾಗೆಂದುಕೊಂಡರೆ ಅಲ್ಲಿ ಕೂತು ಏನು ಮಾಡುತ್ತಾನೆ?" ಎಂದರು. ಆಕೆಗೆ ವಯಸ್ಸು ಮುಚ್ಚಿಡುವ ಯೋಚನೆಯೇ ಇರಲಿಲ್ಲ. ಇಲ್ಲದ ದುಃಖವನ್ನು ಫೋಟೋ ಹೇಳುತ್ತಿದೆ ಎಂಬುದಷ್ಟೇ ಅವರ ದೂರಾಗಿತ್ತು. ಆ ದೂರಿನಲ್ಲಿ ಹುರುಳಿತ್ತು. ಮುಖದ ಮೇಲೆ ನೂರು ಗೆರೆಗಳಿದ್ದರೆ ಅವುಗಳಲ್ಲಿ ದಣಿವನ್ನು ಹೇಳುವವು ನಾಲ್ಕೋ ಐದೋ. ಹುಡುಗ ಮೊದಲೇ ಹಣೆ ಉಜ್ಜಿಕೊಂಡು ಹೋಗಿದ್ದರೆ ಎರಡು ಗಂಟೆ ವ್ಯರ್ಥವಾಗಿ, ಆಕೆಯ ದೂರು ಮಾತ್ರ ಹಾಗೆಯೇ ಉಳಿಯುತ್ತಿತ್ತು.

ನಿಮ್ಮ ಅಜ್ಜಿ ಬೇರೇನನ್ನೋ ತೋರಿಸಬಹುದು. ಏನನ್ನೇ ತೋರಿಸಲಿ, ಬರೆದಿಟ್ಟುಕೊಳ್ಳಿ. ಅಷ್ಟನ್ನು ಮಾತ್ರ ತಿದ್ದಬೇಕು.

ಈಗ ಆ ಫೋಟೋವನ್ನೇ ಸ್ವಲ್ಪ ಅನುಮಾನದಿಂದ ನೋಡೋಣ. ಫೋಟೋದಲ್ಲಿ ಸುಕ್ಕು ಎಂದರೆ ನೆರಳು. ಚರ್ಮದ ಮಡಿಕೆಯ ಒಂದು ಬದಿಗೆ ಬೆಳಕು ಬೀಳುತ್ತದೆ, ಇನ್ನೊಂದು ಬದಿಗೆ ಬೀಳುವುದಿಲ್ಲ. ಆ ಕತ್ತಲೆಯ ಎಳೆಯನ್ನೇ ನಾವು ಗೆರೆ ಎನ್ನುತ್ತೇವೆ. ನಂಬಿಕೆ ಬಾರದಿದ್ದರೆ ಒಂದು ಟಾರ್ಚ್ ತೆಗೆದುಕೊಂಡು ಕತ್ತಲೆ ಕೋಣೆಯಲ್ಲಿ ನಿಮ್ಮ ಅಂಗೈ ಮೇಲೆ ಹಾಯಿಸಿ. ನೇರ ಎದುರಿನಿಂದ ಹಿಡಿದಾಗ ಅಂಗೈ ಬಹುತೇಕ ಸಪಾಟಾಗಿ ಕಾಣುತ್ತದೆ. ಬದಿಯಿಂದ, ಚರ್ಮಕ್ಕೆ ತಾಗುವಷ್ಟು ಓರೆಯಾಗಿ ಹಿಡಿದರೆ ಒಂದೊಂದು ರೇಖೆಯೂ ಕಾಲುವೆಯಂತೆ ಏಳುತ್ತದೆ. ಅಂಗೈ ಅದೇ ಅಂಗೈ. ಮನೆಯೊಳಗೆ ತಲೆಯ ಮೇಲಿನ ದೀಪದ ಕೆಳಗೆ ತೆಗೆದ ಫೋಟೋದಲ್ಲಿ ಆಗುವುದು ಇದೇ. ಬೆಳಕು ಮೇಲಿನಿಂದ ಓರೆಯಾಗಿ ಜಾರುತ್ತದೆ, ಕಣ್ಣಿನ ಗುಳಿಗಳು ಕಪ್ಪಾಗುತ್ತವೆ, ಕೆನ್ನೆಯ ಮಡಿಕೆ ಎರಡು ಪಟ್ಟು ಆಳವಾಗಿ ಕಾಣುತ್ತದೆ.

ಇದರ ಮೇಲೆ ಮೊಬೈಲ್ ತನ್ನದೊಂದು ಕೈಚಳಕ ತೋರಿಸುತ್ತದೆ. ಚಿಕ್ಕ ಕ್ಯಾಮೆರಾದಿಂದ ಬಂದ ಚಿತ್ರ ಮಂದವಾಗಿ ಕಾಣಬಾರದೆಂದು ಅದು ಪ್ರತಿ ಅಂಚನ್ನೂ ಹರಿತಗೊಳಿಸುತ್ತದೆ, ಅಂದರೆ ಕಪ್ಪಿನ ಪಕ್ಕದ ಬಿಳುಪನ್ನು ಇನ್ನಷ್ಟು ಬಿಳಿದಾಗಿಸಿ ಕಪ್ಪನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಮರದ ಎಲೆಗಳಿಗೆ ಇದು ಒಪ್ಪುತ್ತದೆ. ಅಜ್ಜಿಯ ಕೆನ್ನೆಗೆ ಒಪ್ಪುವುದಿಲ್ಲ.

ದೂರದ ಲೆಕ್ಕವೂ ಇದೆ. ಮುಖದಿಂದ 30 ಸೆಂಟಿಮೀಟರ್ ದೂರದಲ್ಲಿ ಮೊಬೈಲ್ ಹಿಡಿದಿದ್ದೀರಿ ಎಂದುಕೊಳ್ಳಿ. ಮೂಗಿನ ತುದಿ 30ರಲ್ಲಿದೆ, ಕಿವಿ ಅದಕ್ಕಿಂತ ಸುಮಾರು 12 ಸೆಂಟಿಮೀಟರ್ ಹಿಂದೆ, 42ರಲ್ಲಿದೆ. ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ ಕಿವಿಗೆ ಹೋಲಿಸಿದರೆ ಮೂಗು ಇರಬೇಕಾದುದಕ್ಕಿಂತ 1.4 ಪಟ್ಟು ಹಿಗ್ಗುತ್ತದೆ. ಅದೇ ಒಂದೂವರೆ ಮೀಟರ್ ದೂರಕ್ಕೆ ಸರಿದರೆ 162 ಭಾಗಿಸು 150, ಅಂದರೆ 1.08 ಪಟ್ಟು, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ವಯಸ್ಸಾದವರ ಮುಖದಲ್ಲಿ ಮೂಗು ಸ್ವಲ್ಪ ಇಳಿದಿರುತ್ತದೆ, ಕೆನ್ನೆ ಒಳಸರಿದಿರುತ್ತದೆ. ಹತ್ತಿರದಿಂದ ತೆಗೆದಾಗ ಎರಡೂ ಹೆಚ್ಚಾಗಿ ಕಾಣುತ್ತವೆ. ಇದನ್ನು ಆಮೇಲೆ ಯಾವ ಕುಂಚದಿಂದಲೂ ಸರಿಯಾಗಿ ತಿದ್ದಲಾಗದು.

ಹೀಗಾಗಿ ನನ್ನ ಸಲಹೆ, ಫೋಟೋವನ್ನು ಇನ್ನೊಮ್ಮೆ ತೆಗೆಯಿರಿ. ನೇರ ಬಿಸಿಲು ಬೀಳದ ದೊಡ್ಡ ಕಿಟಕಿ ಹುಡುಕಿ, ದೀಪಗಳನ್ನೆಲ್ಲ ಆರಿಸಿ. ಅಜ್ಜಿಯನ್ನು ಕಿಟಕಿಯಿಂದ ಎರಡು ಮೀಟರ್ ದೂರದಲ್ಲಿ, ಮುಖ ಕಿಟಕಿಯ ಕಡೆಗೇ ಇರುವಂತೆ, ಸ್ವಲ್ಪ ಮಾತ್ರ ಓರೆಯಾಗಿ ಕೂರಿಸಿ. ತೊಡೆಯ ಮೇಲೆ ಒಂದು ಬಿಳಿ ಟವಲ್ ಹರಡಿ. ಫೋಟೋದಲ್ಲಿ ಅದು ಕಾಣದಿರಲಿ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಕೆಳಗಿನಿಂದ ಮೇಲಕ್ಕೆ ಚಿಮ್ಮುತ್ತದೆ. ಕಣ್ಣಿನ ಕೆಳಗಿನ ಕಪ್ಪು ಮತ್ತು ಕತ್ತಿನ ಗೆರೆಗಳು ಇದರಿಂದಲೇ ಅರ್ಧ ತಿಳಿಯಾಗುತ್ತವೆ. ನೀವು ಕಿಟಕಿಗೆ ಬೆನ್ನು ಕೊಟ್ಟು, ಬೆಳಕಿಗೆ ಅಡ್ಡವಾಗದಂತೆ ತುಸು ಪಕ್ಕಕ್ಕೆ ನಿಂತು, ಒಂದೂವರೆ ಮೀಟರ್ ದೂರದಿಂದ ಹಿಂಬದಿಯ ಕ್ಯಾಮೆರಾದಲ್ಲಿ ತೆಗೆಯಿರಿ. ಮೊಬೈಲಿನಲ್ಲಿ ದೂರದ್ದನ್ನು ಹತ್ತಿರ ತರುವ ಬೇರೆ ಲೆನ್ಸ್ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಮುಖ ಚಿಕ್ಕದಾಗಿಯೇ ಬರಲಿ, ಆಮೇಲೆ ಕತ್ತರಿಸಿಕೊಳ್ಳಬಹುದು. ಕ್ಯಾಮೆರಾ ಅಜ್ಜಿಯ ಕಣ್ಣಿನ ಎತ್ತರದಲ್ಲಿರಲಿ, ಮೇಲಿನಿಂದ ಬೇಡ. ಮುಖವನ್ನು ನಯಗೊಳಿಸುವ ಬ್ಯೂಟಿ ಆಯ್ಕೆ ಎಲ್ಲಿದ್ದರೂ ಮುಚ್ಚಿಬಿಡಿ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ಹಾಕಿಕೊಳ್ಳಲು ಹೇಳಿ. ಬಾಯಿಯ ಸುತ್ತಲಿನ ಎಷ್ಟೋ ಗೆರೆಗಳು ಚರ್ಮದವಲ್ಲ, ಒಳಗೆ ಆಧಾರವಿಲ್ಲದೆ ತುಟಿ ಒಳಸರಿದುದರಿಂದ ಬಂದವು.

"ನಗಿ" ಎಂದು ಮಾತ್ರ ಹೇಳಬೇಡಿ. ಮಾವ ಚಿಕ್ಕವರಿದ್ದಾಗ ಮಾಡಿದ ಯಾವುದಾದರೂ ತಂಟೆಯ ಬಗ್ಗೆ ಕೇಳಿ, ಅವರು ಹೇಳುತ್ತಿರುವಾಗ ಇಪ್ಪತ್ತು ಮೂವತ್ತು ಸಲ ಒತ್ತಿ. ಅವುಗಳಲ್ಲಿ ಎರಡು ಒಳ್ಳೆಯವು ಸಿಕ್ಕರೆ ಸಾಕು.

ಹೊಸ ಫೋಟೋ ನೋಡಿಯೂ ಅಜ್ಜಿ "ನಾನು ಹೀಗಿಲ್ಲ" ಎಂದರೆ ಬೇಸರ ಮಾಡಿಕೊಳ್ಳಬೇಡಿ. ಅದಕ್ಕೆ ಎರಡು ಕಾರಣಗಳಿವೆ. ತನ್ನ ಮುಖವನ್ನು ಅವರು ನೋಡಿರುವುದು ಕನ್ನಡಿಯಲ್ಲಿ, ಎಡಬಲ ತಿರುಗಿದ ರೂಪದಲ್ಲಿ. 1977ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದ್ದರು. ಜನರಿಗೆ ತಮ್ಮ ಮುಖದ ತಿರುಗಿಸಿದ ಚಿತ್ರ ಹೆಚ್ಚು ಇಷ್ಟವಾಯಿತು, ಅವರ ಸ್ನೇಹಿತರಿಗೆ ತಿರುಗಿಸದ ಚಿತ್ರ ಇಷ್ಟವಾಯಿತು. ಯಾರಿಗೆ ಯಾವುದು ರೂಢಿಯೋ ಅದೇ ಚೆಂದ. ಅಜ್ಜಿಯ ಸಮಾಧಾನಕ್ಕೆ ಚಿತ್ರವನ್ನು ತಿರುಗಿಸಿ ತೋರಿಸಿ, ಆದರೆ ಮಾವನಿಗೆ ತಿರುಗಿಸದ್ದನ್ನೇ ಕಳುಹಿಸಿ. ಅಮ್ಮನ ಬೈತಲೆ ಯಾವ ಕಡೆ, ಮಚ್ಚೆ ಯಾವ ಕಡೆ ಎಂಬುದು ಮಗನಿಗೆ ಗೊತ್ತಿರುತ್ತದೆ. ಎರಡನೆಯ ಕಾರಣ ಇನ್ನೂ ಸರಳ. ಹತ್ತಿರದ್ದು ಕಾಣಲು ಕನ್ನಡಕ ಬೇಕಾದವರು ಮುಖ ತೊಳೆದು ಕನ್ನಡಿ ನೋಡುವಾಗ ಕನ್ನಡಕ ಹಾಕಿಕೊಂಡಿರುವುದಿಲ್ಲ. ಅವರ ಕಣ್ಣು ವರ್ಷಗಳಿಂದ ಉಚಿತವಾಗಿ ಸುಕ್ಕು ತೆಗೆದುಕೊಡುತ್ತಿತ್ತು. ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮನೆಗೆ ಬಂದು ಕನ್ನಡಿ ನೋಡಿ, "ಇದೆಲ್ಲ ಯಾವಾಗ ಬಂತು?" ಎಂದು ಗಾಬರಿಯಾಗುವುದನ್ನು ನಾನೇ ಕಂಡಿದ್ದೇನೆ.

ಇನ್ನು ತಿದ್ದುವ ಕೆಲಸ. ಆ್ಯಪ್‌ನ ಗುಂಡಿ ಏಕೆ ಸೋತಿತು ಎಂಬುದು ತಿಳಿದರೆ ದಾರಿ ಸುಲಭ. ಅದು ಕೆನ್ನೆಯ ಮೇಲಿನ ಎಲ್ಲವನ್ನೂ ಒಟ್ಟಿಗೆ ಮಸುಕು ಮಾಡುತ್ತದೆ. ಸುಕ್ಕಿನ ಜೊತೆಗೆ ಚರ್ಮದ ಸಣ್ಣ ರಂಧ್ರಗಳು, ಎಳೆಗೂದಲು, ತರಿತರಿ ಎಲ್ಲವೂ ಹೋಗುತ್ತವೆ. ಆಮೇಲೆ ಉಳಿಯುವುದು ಬಣ್ಣ ಮಾತ್ರ, ಚರ್ಮವಲ್ಲ. ಇನ್ನೊಂದು ತೊಂದರೆಯೂ ಇದೆ. ವಯಸ್ಸು ಬರೀ ಸುಕ್ಕಿನಲ್ಲಿ ಇರುವುದಿಲ್ಲ. ಕೆನ್ನೆಯ ಕೊಬ್ಬು ಕೆಳಗೆ ಸರಿದಿರುತ್ತದೆ, ತುಟಿ ತೆಳುವಾಗಿರುತ್ತದೆ, ಕಣ್ಣಿನ ಸುತ್ತ ಮೂಳೆ ಸವೆದು ಗುಳಿ ಅಗಲವಾಗಿರುತ್ತದೆ, ಮೇಲಿನ ರೆಪ್ಪೆ ಇಳಿದಿರುತ್ತದೆ. ಇವೆಲ್ಲ 78ರಲ್ಲೇ ಉಳಿದು ಚರ್ಮ ಮಾತ್ರ 30ಕ್ಕೆ ಹೋದರೆ ನೋಡುವ ಕಣ್ಣಿಗೆ ತಾಳ ತಪ್ಪುತ್ತದೆ. ಎಳೆಯ ಮುಖ ಎನ್ನಿಸುವುದಿಲ್ಲ, ಬಾವು ಬಂದ ಮುಖ ಎನ್ನಿಸುತ್ತದೆ.

ನಾನು ಕಲಿತದ್ದು ಫಿಲ್ಮ್ ಕಾಲದಲ್ಲಿ. ನೆಗೆಟಿವ್ ಮೇಲೆ ಪೆನ್ಸಿಲಿನಲ್ಲಿ ಮಾಡುವ ಆ ಕೆಲಸಕ್ಕೆ ನಾವು ಟಚಿಂಗ್ ಎನ್ನುತ್ತಿದ್ದೆವು. ಅದೇನೂ ಹೊಸದಲ್ಲ. ಮ್ಯೂನಿಕ್‌ನ ಛಾಯಾಗ್ರಾಹಕ ಫ್ರಾಂಜ್ ಹಾನ್ಫ್‌ಸ್ಟೆಂಗಲ್ ಒಂದೇ ಮುಖದ ಟಚಿಂಗ್ ಮಾಡಿದ ಮತ್ತು ಮಾಡದ ಪ್ರಿಂಟುಗಳನ್ನು 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಪಕ್ಕಪಕ್ಕ ಇಟ್ಟು ಜನರನ್ನು ಬೆರಗುಗೊಳಿಸಿದ್ದರು. ಅಂದಿನಿಂದ ಇಂದಿನವರೆಗೆ ಸ್ಟುಡಿಯೊಗಳಿಗೆ ಬರುವವರ ಬೇಡಿಕೆ ಬದಲಾಗಿಲ್ಲ.

ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು. ಪ್ರಿಂಟಿನಲ್ಲಿ ಕಪ್ಪಾಗಿ ಕಾಣಬೇಕಾದ ಸುಕ್ಕು ಅಲ್ಲಿ ಪಾರದರ್ಶಕ ಎಳೆಯಾಗಿರುತ್ತದೆ. ನೆಗೆಟಿವ್ ಅನ್ನು ಹಿಂದಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲಿಟ್ಟು, ಪೆನ್ಸಿಲ್ ಹಿಡಿಯುವಂತೆ ಅದರ ಮೇಲೆ ಒಂದು ದ್ರಾವಣ ಸವರಿ, ಸೂಜಿಯಂತೆ ಉದ್ದವಾಗಿ ಹೆರೆದ ಗಟ್ಟಿ ಪೆನ್ಸಿಲಿನಿಂದ ಆ ಎಳೆಯನ್ನು ಚುಕ್ಕೆ ಚುಕ್ಕೆಯಾಗಿ ತುಂಬುತ್ತಿದ್ದೆವು. ತುಂಬಿದ ಕಡೆ ಬೆಳಕು ಕಡಿಮೆ ಹಾಯುತ್ತದೆ, ಪ್ರಿಂಟಿನಲ್ಲಿ ಆ ಜಾಗ ತಿಳಿಯಾಗುತ್ತದೆ. ನನಗೆ ಕಲಿಸಿದವರು ಮೇಜಿನ ಹಿಂದೆ ನಿಂತು ಹೇಳುತ್ತಿದ್ದದ್ದು ಒಂದೇ ಮಾತು: "ಅರ್ಧಕ್ಕೆ ನಿಲ್ಲಿಸು." ಪೂರ್ತಿ ತುಂಬಿದರೆ ಸುಕ್ಕಿದ್ದ ಜಾಗ ಬಿಳಿ ದಾರವಾಗಿ ಎದ್ದು ನಿಲ್ಲುತ್ತಿತ್ತು. ನಾನು ಹಾಗೆ ಕೆಡಿಸಿದ ನೆಗೆಟಿವ್‌ಗಳ ಲೆಕ್ಕ ಇಲ್ಲಿ ಬೇಡ.

ಆ ಪೆನ್ಸಿಲ್ ಸುಕ್ಕನ್ನು ಅಳಿಸುತ್ತಿರಲಿಲ್ಲ, ನೆರಳನ್ನು ತಿಳಿಗೊಳಿಸುತ್ತಿತ್ತು. ಕೆಳಗಿನ ಚರ್ಮ ಹಾಗೆಯೇ ಇರುತ್ತಿತ್ತು. GIMP ನಲ್ಲಿ ಅದೇ ಕೆಲಸಕ್ಕೆ ಬೇಕಾದದ್ದು ಒಂದು ಖಾಲಿ ಪದರ ಮತ್ತು ಒಂದು ಬಿಳಿ ಕುಂಚ.

ಫೋಟೋ ತೆರೆದು `Layer` ಪಟ್ಟಿಯಿಂದ `New Layer` ಆರಿಸಿ. ಪದರ ಪಾರದರ್ಶಕವಾಗಿರಲಿ, ಅದರ `Mode` ಅನ್ನು `Soft light` ಎಂದು ಬದಲಾಯಿಸಿ. ಈ ಪದರದ ಮೇಲೆ ಬಿಳಿ ಬಳಿದರೆ ಕೆಳಗಿನ ಚಿತ್ರ ಬೆಳಗುತ್ತದೆ, ಬಿಳಿ ಬಣ್ಣ ಮೆತ್ತಿಕೊಳ್ಳುವುದಿಲ್ಲ. ಕೀಲಿಮಣೆಯಲ್ಲಿ `P` ಒತ್ತಿ ಕುಂಚ ತೆಗೆದುಕೊಳ್ಳಿ, ಅಂಚು ಮೆತ್ತಗಿರುವುದನ್ನು ಆರಿಸಿ. `D` ಒತ್ತಿ, ಆಮೇಲೆ `X` ಒತ್ತಿದರೆ ಬಣ್ಣ ಬಿಳಿಯಾಗುತ್ತದೆ. ಕುಂಚದ `Opacity` ಅನ್ನು 8ಕ್ಕೆ ಇಳಿಸಿ. ಗಾತ್ರ ಸುಕ್ಕಿನ ಅಗಲಕ್ಕಿಂತ ತುಸು ಕಡಿಮೆಯಿರಲಿ. ನೆರಳಿನಾಚೆ ಕುಂಚ ಹೊರಟರೆ ಪಕ್ಕದ ಬೆಳಕಿನ ಏಣೂ ಬೆಳಗಿ, ಸುಕ್ಕು ಮೊದಲಿನಷ್ಟೇ ಎದ್ದು ಕಾಣುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಈಗ `1` ಒತ್ತಿ ಚಿತ್ರವನ್ನು ನಿಜ ಗಾತ್ರಕ್ಕೆ ತಂದು, ಅಜ್ಜಿ ತೋರಿಸಿದ ಗೆರೆಯ ಕಪ್ಪಿನ ಮೇಲೆ ಮಾತ್ರ ಎಳೆಯಿರಿ. ಮೌಸ್ ಬಿಡದೆ ಎಷ್ಟು ಉಜ್ಜಿದರೂ ಒಂದು ಎಳೆತಕ್ಕೆ ಒಂದೇ ಪಾಲು ಬೀಳುತ್ತದೆ. ಬಿಟ್ಟು ಮತ್ತೆ ಎಳೆದರೆ ಇನ್ನೊಂದು ಪಾಲು. ಸಾಮಾನ್ಯ ಗೆರೆಗೆ ಮೂರು ನಾಲ್ಕು ಎಳೆತ, ಆಳವಾದದ್ದಕ್ಕೆ ಏಳೆಂಟು ಸಾಕು. ಗೆರೆಯ ನಡುವೆ ನೆರಳು ಗಾಢವಾಗಿದ್ದು ತುದಿಗಳಲ್ಲಿ ತೆಳುವಾಗಿರುತ್ತದೆ, ನಿಮ್ಮ ಎಳೆತಗಳೂ ಹಾಗೆಯೇ ನಡುವೆ ಹೆಚ್ಚು, ತುದಿಯಲ್ಲಿ ಕಡಿಮೆ ಇರಲಿ. ಬಳಿದ ಕಡೆ ಚರ್ಮ ಕಿತ್ತಳೆ ಬಣ್ಣಕ್ಕೆ ತಿರುಗತೊಡಗಿದರೆ ಅತಿಯಾಯಿತೆಂದು ಅರ್ಥ. `Ctrl+Z` ಒತ್ತಿ ಹಿಂದೆ ಬನ್ನಿ. ವಯಸ್ಸಿನ ಕಂದು ಕಲೆಗಳು ನೆರಳಲ್ಲ, ಬಣ್ಣ. ಅಜ್ಜಿ ಅವನ್ನೂ ತೋರಿಸಿದ್ದರೆ ಕೆಳಗಿನ ಚಿತ್ರದ ಒಂದು ನಕಲು ಪದರ ಮಾಡಿಕೊಂಡು, ಅದರ ಮೇಲೆ `Heal` ಉಪಕರಣ ಬಳಸಿ ತೆಗೆಯಬಹುದು. ಪಕ್ಕದ ಒಳ್ಳೆಯ ಚರ್ಮದ ಮೇಲೆ `Ctrl` ಹಿಡಿದು ಒಮ್ಮೆ ಒತ್ತಿ, ಆಮೇಲೆ ಕಲೆಯ ಮೇಲೆ ಒತ್ತುವುದು, ಅಷ್ಟೇ. ಮಚ್ಚೆಗಳನ್ನು ಮುಟ್ಟಬೇಡಿ.

ಯಾವ ಗೆರೆಯಲ್ಲಿ ಎಷ್ಟು ಎಂಬುದನ್ನು ಆ ತಾಯಿಯ ಫೋಟೋದಿಂದಲೇ ಹೇಳುತ್ತೇನೆ. ಕಣ್ಣಿನ ಕೆಳಗಿನ ಕಪ್ಪು ಅವರ ಮೊದಲ ದೂರು. ಅಲ್ಲಿ ಅಗಲವಾದ ಕುಂಚದಿಂದ ಐದು ಎಳೆತ ಹಾಕಿದೆ, ಆದರೆ ರೆಪ್ಪೆಗೂದಲಿನ ಬುಡಕ್ಕೆ ಅಂಟಿದ ಸಣ್ಣ ನೆರಳನ್ನು ಬಿಟ್ಟೆ. ಅದನ್ನು ತೆಗೆದರೆ ಕಣ್ಣು ಮುಖಕ್ಕೆ ಅಂಟಿಸಿದಂತೆ ಕಾಣುತ್ತದೆ. ಬಾಯಿಯ ಕೊನೆಯಿಂದ ಇಳಿಯುವ ಗೆರೆಗಳಿಗೆ ತಲಾ ಎಂಟು ಎಳೆತ ಹಾಕಿದೆ. ಮುಖವನ್ನು ಅಳುಮೋರೆ ಮಾಡುವವು ಅವೇ, ಉಳಿದ ಗೆರೆಗಳಿಗಿಂತ ಹೆಚ್ಚು ತಿಳಿಯಾದರೂ ಯಾರಿಗೂ ಅನುಮಾನ ಬರುವುದಿಲ್ಲ. ಮೂಗಿನ ಪಕ್ಕದಿಂದ ಬಾಯಿಯತ್ತ ಬರುವ ದೊಡ್ಡ ಮಡಿಕೆಯಲ್ಲಿ ಬಹಳ ಎಚ್ಚರ ಬೇಕು. ಅದು ಮಕ್ಕಳ ಮುಖದಲ್ಲೂ ನಗುವಾಗ ಇರುತ್ತದೆ. ಪೂರ್ತಿ ತೆಗೆದರೆ ಜೇನುನೊಣ ಕಚ್ಚಿದ ಮುಖವಾಗುತ್ತದೆ. ಎರಡೇ ಎಳೆತ ಹಾಕಿ ಬಿಟ್ಟೆ. ಹಣೆಯನ್ನು ಮುಟ್ಟಲಿಲ್ಲ.

ಕಣ್ಣಿನ ಹೊರಮೂಲೆಯಿಂದ ಬೀಸಣಿಗೆಯಂತೆ ಹರಡುವ ಗೆರೆಗಳನ್ನೂ ಮುಟ್ಟಲಿಲ್ಲ. ಹುಡುಗನಿಗೆ ಇದು ಅರ್ಥವಾಗಲಿಲ್ಲ, "ಎಲ್ಲಕ್ಕಿಂತ ಎದ್ದು ಕಾಣುವುದು ಅವೇ ಅಲ್ಲವೇ?" ಎಂದ. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲಿ ಮುಖದ ಭಾವಗಳ ಮೇಲೆ ಬರೆದ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ತುಟಿಯ ಮೂಲೆಯನ್ನು ಯಾರು ಬೇಕಾದರೂ ಬೇಕೆಂದಾಗ ಎಳೆಯಬಹುದು. ಕಣ್ಣಿನ ಸುತ್ತಲಿನ ಸ್ನಾಯು ಹಾಗೆ ಹೇಳಿದ ಮಾತು ಕೇಳುವುದಿಲ್ಲ, ನಿಜವಾದ ಸಂತೋಷಕ್ಕೆ ಮಾತ್ರ ಬಿಗಿಯುತ್ತದೆ ಎಂದು ಆತ ಗಮನಿಸಿದ್ದ. ಅದು ಬಿಗಿದಾಗ ಏಳುವ ಮಡಿಕೆಗಳೇ ಆ ಬೀಸಣಿಗೆ. ನಾನು ಹುಡುಗನ ಮುಂದೆ ಒಂದು ಕಣ್ಣಿನ ಕಡೆ ಅವನ್ನು ಅಳಿಸಿ ತೋರಿಸಿದೆ. ಬಾಯಿ ನಗುತ್ತಲೇ ಇತ್ತು, ಆದರೆ ಬಂದ ನೆಂಟರು ಬೇಗ ಹೋದರೆ ಸಾಕೆನ್ನುವವರ ನಗುವಾಗಿಬಿಟ್ಟಿತ್ತು. ಆತ ತಾನೇ `Ctrl+Z` ಒತ್ತಿದ.

ಮುಗಿಯಿತು ಎನ್ನಿಸಿದಾಗ ನಿಮ್ಮ ಬಿಳಿ ಪದರದ `Opacity` ಅನ್ನು 100ರಿಂದ 60ಕ್ಕೆ ಇಳಿಸಿ. ಒಂದು ಗಂಟೆ ಗೆರೆಗಳನ್ನೇ ನೋಡಿದ ಕಣ್ಣು ಮೊದಲಿನ ಮುಖವನ್ನು ಮರೆತಿರುತ್ತದೆ, ಪ್ರತಿಯೊಬ್ಬರೂ ಬೇಕಾದುದಕ್ಕಿಂತ ಹೆಚ್ಚು ತಿದ್ದಿರುತ್ತಾರೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ. ಮರುದಿನ ಬೆಳಿಗ್ಗೆ ತೆರೆದು, ಪದರದ ಪಕ್ಕದ ಕಣ್ಣಿನ ಗುರುತನ್ನು ಒತ್ತಿ ತಿದ್ದಿದ್ದು, ತಿದ್ದದ್ದು ಎರಡನ್ನೂ ಅದಲುಬದಲು ಮಾಡಿ ನೋಡಿ. ಬದಲಾದದ್ದು ಎಲ್ಲಿ ಎಂದು ತಕ್ಷಣ ಬೆರಳಿಟ್ಟು ತೋರಿಸುವಂತಿದ್ದರೆ ಹೆಚ್ಚಾಗಿದೆ. ಮುಖ ಯಾಕೋ ಚೆನ್ನಾಗಿ ನಿದ್ದೆ ಮಾಡಿ ಎದ್ದಂತಿದೆ ಎಂದಷ್ಟೇ ಅನ್ನಿಸಿದರೆ ಸರಿಯಾಗಿದೆ. ಕತ್ತು ಮತ್ತು ಕೈಗಳನ್ನೂ ಒಮ್ಮೆ ನೋಡಿ. ತೊಡೆಯ ಮೇಲಿನ ಕೈಗಳು 78 ಎನ್ನುತ್ತಿರುವಾಗ ಮುಖ 50 ಎಂದರೆ ಯಾರೂ ನಂಬುವುದಿಲ್ಲ. ಕೈಗಳನ್ನು ತಿದ್ದಲು ಹೋಗಬೇಡಿ, ಮುಖವನ್ನು ಅವುಗಳ ಕಡೆಗೆ ತನ್ನಿ.

ಸುಳ್ಳಿನ ಮಾತಿಗೆ ಬರುತ್ತೇನೆ. ಮುಖ ಅಜ್ಜಿಯದು. ಫೋಟೋಗೆ ಕೂರುವ ಮೊದಲು ಅವರು ತಲೆ ಬಾಚಿಕೊಂಡಿದ್ದರೆ ನೀವು ಅದನ್ನು ಸುಳ್ಳು ಎನ್ನುತ್ತಿರಲಿಲ್ಲ. ಕೆಟ್ಟ ದೀಪವೂ ಮೊಬೈಲೂ ಸೇರಿಸಿದ ನೆರಳನ್ನು ತೆಗೆಯುವುದು ಸುಳ್ಳಲ್ಲ, ಅದು ತಪ್ಪು ತಿದ್ದುವ ಕೆಲಸ. ಅದರಾಚೆಗೆ ಇನ್ನೂ ಒಂದಿಷ್ಟು ತಿಳಿಗೊಳಿಸು ಎಂದರೆ, ನಾನಾಗಿದ್ದರೆ ಉಪದೇಶ ಮಾಡದೆ ಮಾಡಿಕೊಡುತ್ತೇನೆ. "ಸುಕ್ಕಿನಲ್ಲೇ ಸೌಂದರ್ಯವಿದೆ ಅಜ್ಜಿ" ಎಂದು ಇಪ್ಪತ್ತರ ಮೊಮ್ಮಗ ಹೇಳುವುದು ಸುಲಭ.

ನಾನು ಕೈ ತಡೆಯುವುದು ಒಂದೇ ಕಡೆ. ಇತ್ತೀಚಿನ ತಿಂಗಳುಗಳಲ್ಲಿ ಅಜ್ಜಿ ಇಳಿದುಹೋಗಿದ್ದಾರೆಯೇ, ಹಣೆಯ ಪಕ್ಕ ಗುಳಿ ಬಿದ್ದಿದೆಯೇ, ಬಟ್ಟೆ ಸಡಿಲವಾಗಿದೆಯೇ? ಅದನ್ನು ಮಗನಿಂದ ಮುಚ್ಚಿಡುವುದಕ್ಕೆ ಫೋಟೋ ತಿದ್ದಿಸುತ್ತಿದ್ದಾರೆ ಎಂದು ನಿಮಗೆ ಅನ್ನಿಸಿದರೆ, ಫೋಟೋದಲ್ಲಿ ಏನು ಬೇಕಾದರೂ ಮಾಡಿ, ಆದರೆ ಮಾವನಿಗೆ ನೀವೇ ಫೋನ್ ಮಾಡಿ ವಿಷಯ ತಿಳಿಸಿ. ವಿಡಿಯೊ ಕರೆಯಲ್ಲಿ ನೋಡುತ್ತಾರಲ್ಲ ಎಂದು ಸುಮ್ಮನಿರಬೇಡಿ. ಅಲ್ಲಿ ಬರುವ ಮಂಕು ಚಿತ್ರ ಆ್ಯಪ್‌ನ ಗುಂಡಿಯಷ್ಟೇ ಚೆನ್ನಾಗಿ ಎಲ್ಲವನ್ನೂ ಉಜ್ಜಿಹಾಕಿರುತ್ತದೆ.

ಕೆಲಸವನ್ನು `.xcf` ಕಡತವಾಗಿ ಉಳಿಸಿಕೊಳ್ಳಿ, ತಿದ್ದದ ಮೂಲ ಫೋಟೋವನ್ನು ತಾರೀಖು ಹಾಕಿ ಬೇರೆ ಇಡಿ. ಮುಂದೊಂದು ದಿನ ಮನೆಯವರು ಹುಡುಕುವುದು ಅದನ್ನೇ. ಮಾವನಿಗೆ ಕಳುಹಿಸಲು `Export As` ಮೂಲಕ `.jpg` ಮಾಡಿ, ಗುಣಮಟ್ಟ 90ಕ್ಕಿಂತ ಕೆಳಗೆ ಇಳಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿ, ನೀವು ಜೋಪಾನ ಮಾಡಿದ ಚರ್ಮದ ತರಿಯನ್ನು ನುಂಗಿಬಿಡುತ್ತದೆ. `Document` ಎಂದು ಆರಿಸಿ ಕಳುಹಿಸಿ.

ಆ ತಾಯಿಗೆ ನಾನು ಎರಡು ಪ್ರಿಂಟ್ ಹಾಕಿ ತೋರಿಸಿದ್ದೆ, ಒಂದು 60ರದ್ದು, ಒಂದು 100ರದ್ದು. ಕನ್ನಡಕ ಏರಿಸಿ, ಇಳಿಸಿ, ಬಹಳ ಹೊತ್ತು ನೋಡಿ 60ರದ್ದನ್ನು ತೆಗೆದುಕೊಂಡರು. ಇನ್ನೊಂದರಲ್ಲಿ ತನ್ನ ತಂಗಿಯಂತೆ ಕಾಣುತ್ತೇನೆ ಎಂದರು. ತಂಗಿಯ ಮೇಲೆ ಅಂಥ ಪ್ರೀತಿಯೇನೂ ಇದ್ದಂತೆ ಕಾಣಲಿಲ್ಲ. ವಾರ ಕಳೆದು ಮೊಮ್ಮಗ ಬಾಕಿ ಹಣ ಕೊಡಲು ಬಂದಾಗ, ಫೋಟೋ ನೋಡಿ ಮಗ ಏನೆಂದರು ಎಂದು ಕೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: ಅಮ್ಮ ಕನ್ನಡಕದ ಫ್ರೇಮ್ ಬದಲಾಯಿಸಿದ್ದು ಯಾವಾಗ?